ಕಬ್ಬಿನ ಗದ್ದೆಯ ಕಿರುಕಣಜ

(ಬಾನುಲಿ ಭಾಷಣ)

ನಾಟಿಯಾಗಿ ಆರೇಳು ವಾರ ಕಳೆದ ಕಬ್ಬಿನ ಗದ್ದೆಯನ್ನು ಬದುವಿನ ಮೇಲೆ ನಿಂತು ನೋಡಿದರೆ ಎಲ್ಲವೂ ಹಸುರಾಗಿ ಕಾಣುತ್ತದೆ. ಸಾಲಿನೊಳಗೆ ಇಳಿದು ನೋಡಿದಾಗ ಮಾತ್ರ ಅಲ್ಲೊಂದು ಇಲ್ಲೊಂದು ಕುಡಿಯ ನಡುಸುಳಿ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿರುವುದು ಕಣ್ಣಿಗೆ ಬೀಳುತ್ತದೆ. ಸುತ್ತಲ ಎಲೆಗಳಿಗೆ ಏನೂ ಆಗಿರುವುದಿಲ್ಲ; ನಡುವಿನದಷ್ಟೇ ಸತ್ತಿರುತ್ತದೆ. ಅದನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಯಾವ ಪ್ರತಿರೋಧವೂ ಇಲ್ಲದೆ ಕೈಗೆ ಬಂದುಬಿಡುತ್ತದೆ. ಅದರ ಬುಡ ಕೊಳೆತಿರುತ್ತದೆ, ಮೂಗಿಗೆ ಹಿಡಿದರೆ ಕೆಟ್ಟ ವಾಸನೆ. ನೀರಿಲ್ಲದೆ ಒಣಗಿದ ಸುಳಿ ಹೀಗೆ ಸಲೀಸಾಗಿ ಕಿತ್ತುಬರುವುದಿಲ್ಲ, ಹೀಗೆ ನಾರುವುದೂ ಇಲ್ಲ. ಇದು ಕಬ್ಬಿನ ಎಳೆಯ ಕುಡಿಯನ್ನು ಕೊರೆಯುವ ಹುಳುವಿನ ಕೆಲಸ. ಕೀಟಶಾಸ್ತ್ರಜ್ಞರು ಅದಕ್ಕೆ ಕೈಲೋ ಇನ್‌ಫಸ್ಕಾಟೆಲಸ್ ಎಂಬ ಭಾರವಾದ ಹೆಸರನ್ನಿಟ್ಟಿದ್ದಾರೆ. ನಾವು ಈ ಮಾತುಕತೆಯ ಮಟ್ಟಿಗೆ ಅದನ್ನು ಕುಡಿಕೊರಕವೆಂದು ಕರೆಯೋಣ.

ಈ ಹುಳುವಿನ ಬಾಳನ್ನು ಸ್ವಲ್ಪ ತಿಳಿದುಕೊಂಡರೆ, ಇಂದಿನ ವಿಷಯವಾದ ಕಿರುಕಣಜ ಎಲ್ಲಿ ಕೈಹಾಕುತ್ತದೆಂಬುದು ತಾನಾಗಿ ತಿಳಿಯುತ್ತದೆ. ಹುಲ್ಲಿನ ಬಣ್ಣದ, ಇರುಳಿನಲ್ಲಿ ಹಾರಾಡುವ ಒಂದು ಸಾಧಾರಣ ಪತಂಗ ಇದರ ತಾಯಿ. ಅದು ಕಬ್ಬಿನ ಎಲೆಯ ಅಡಿಭಾಗದಲ್ಲಿ ಮೊಟ್ಟೆಗಳನ್ನು ಗುಂಪಾಗಿ, ಮೀನಿನ ಹುರುಪೆಗಳಂತೆ ಒಂದರ ಅಂಚಿನ ಮೇಲೊಂದು ಬರುವ ಹಾಗೆ ಮೂರು ನಾಲ್ಕು ಸಾಲುಗಳಲ್ಲಿ ಇಡುತ್ತದೆ. ಚಪ್ಪಟೆಯಾದ, ಬಿಳಿಯ, ಬರಿಗಣ್ಣಿಗೆ ಕಷ್ಟಪಟ್ಟು ಕಾಣಿಸುವಂಥ ಮೊಟ್ಟೆಗಳು. ನಾಲ್ಕರಿಂದ ಆರು ದಿನಗಳಲ್ಲಿ ಅವು ಒಡೆದು ಮರಿಗಳು ಹೊರಬರುತ್ತವೆ. ಕೆಲಕಾಲ ಎಲೆಯ ಮೇಲೆ ಅಡ್ಡಾಡಿ, ಎಲೆಯ ತೊಟ್ಟಿನ ಹಾಳೆಯೊಳಗೆ ನುಸುಳಿ, ಬುಡದತ್ತ ಇಳಿದು, ನೆಲಮಟ್ಟದ ಬಳಿ ಕುಡಿಯನ್ನು ಕೊರೆದು ಒಳಹೊಕ್ಕುಬಿಡುತ್ತವೆ. ಒಮ್ಮೆ ಒಳಗೆ ಸೇರಿದ ಮೇಲೆ ಅಲ್ಲಿ ಅವಕ್ಕೆ ಅನ್ನವೂ ಉಂಟು, ಕೋಟೆಯೂ ಉಂಟು. ಮೇಲಿನಿಂದ ಸಿಂಪಡಿಸಿದ ಔಷಧ ಕೋಟೆಯ ಗೋಡೆಯನ್ನು ತೋಯಿಸುತ್ತದೆ, ಒಳಗಿನವನನ್ನು ಮುಟ್ಟುವುದಿಲ್ಲ. ಅಂದರೆ ಈ ವೈರಿ ಬಯಲಿನಲ್ಲಿ, ಒಂದೇ ಕಡೆ, ಅಲುಗಾಡದೆ ಸಿಕ್ಕುವುದು ಮೊಟ್ಟೆಯಾಗಿರುವ ಆ ನಾಲ್ಕಾರು ದಿನ ಮಾತ್ರ. ಮನುಷ್ಯ ಎಲೆ ಎಲೆಯನ್ನೂ ಮಗುಚಿ ಆ ಮೊಟ್ಟೆಗಳನ್ನು ಹುಡುಕಿ ತೆಗೆಯಲಾರ. ಆದರೆ ಅದನ್ನೇ ಕಸುಬಾಗಿ ಮಾಡಿಕೊಂಡ ಜೀವಿಯೊಂದಿದೆ.

ಅದರ ಹೆಸರು ಟ್ರೈಕೋಗ್ರಾಮ. ಕಣಜ ಎಂದೊಡನೆ ನಮಗೆ ಸೂರಿನಡಿಯಲ್ಲಿ ಗೂಡು ಕಟ್ಟುವ, ಕೆಣಕಿದರೆ ಕುಟುಕುವ ಹಳದಿಯ ಕಣಜ ನೆನಪಾಗುತ್ತದೆ. ಇದು ಅದರ ದೂರದ ದಾಯಾದಿ. ಉದ್ದ ಸುಮಾರು ಅರ್ಧ ಮಿಲಿಮೀಟರ್. ಅಚ್ಚಾದ ಪುಟದಲ್ಲಿ ವಾಕ್ಯದ ಕೊನೆಗೆ ಹಾಕುವ ಚುಕ್ಕೆಯ ಮೇಲೆ ಕುಳಿತರೆ ಇದು ಚುಕ್ಕೆಯೋ ಕಣಜವೋ ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾದೀತು. ಮನುಷ್ಯನನ್ನು ಇದು ಕುಟುಕುವುದಿಲ್ಲ. ಇದರ ಹೆಣ್ಣು ಪತಂಗದ ಮೊಟ್ಟೆಯನ್ನು ಕಂಡರೆ ಅದರ ಮೇಲೆ ಹತ್ತಿ, ತನ್ನ ಮೀಸೆಗಳಿಂದ ಮೊಟ್ಟೆಯನ್ನು ತಟ್ಟುತ್ತ, ಡೋಲು ಬಾರಿಸುವವನಂತೆ ಈ ಕೊನೆಯಿಂದ ಆ ಕೊನೆಗೆ ನಡೆಯುತ್ತದೆ. ಇದು ಅಳತೆಯ ನಡಿಗೆ. ಮೊಟ್ಟೆಯ ಬೆನ್ನನ್ನು ದಾಟಲು ತನಗೆ ಹಿಡಿದ ಹೊತ್ತಿನ ಮೇಲಿಂದ ಅದು ಮೊಟ್ಟೆಯ ಗಾತ್ರವನ್ನು ಅಂದಾಜು ಮಾಡುತ್ತದೆಂದೂ, ಆ ಅಂದಾಜಿನಂತೆ ಒಳಗೆ ತನ್ನ ಎಷ್ಟು ಮೊಟ್ಟೆಗಳನ್ನಿಡಬೇಕೆಂದು ತೀರ್ಮಾನಿಸುತ್ತದೆಂದೂ 1980ರ ದಶಕದಲ್ಲಿ ನಡೆದ ಸೂಕ್ಷ್ಮವಾದ ಪ್ರಯೋಗಗಳು ತೋರಿಸಿಕೊಟ್ಟವು. ಮೊಟ್ಟೆ ಚಿಕ್ಕದಾದರೆ ಒಂದು. ದೊಡ್ಡದಾದರೆ ಎರಡು, ಮೂರು, ಇನ್ನೂ ಹೆಚ್ಚು. ಹೊಟ್ಟೆಗೆ ಸಾಲದಷ್ಟು ಮಕ್ಕಳನ್ನು ಒಂದೇ ಮನೆಯಲ್ಲಿ ಬಿಡಬಾರದೆಂಬ ವಿವೇಕ ಈ ಚುಕ್ಕೆಯಂಥ ಪ್ರಾಣಿಗೆ ಎಲ್ಲಿಂದ ಬಂತೋ!

ಮೊಟ್ಟೆಯೊಳಗೆ ಹುಟ್ಟಿದ ಕಣಜದ ಮರಿ ಹುಳುವಾಗಬೇಕಿದ್ದ ಸಾರವನ್ನೆಲ್ಲ ಒಂದೆರಡು ದಿನಗಳಲ್ಲಿ ಉಂಡುಬಿಡುತ್ತದೆ. ಮೂರು ನಾಲ್ಕನೆಯ ದಿನದ ಹೊತ್ತಿಗೆ ಬಿಳಿಯ ಮೊಟ್ಟೆ ಕಾಡಿಗೆಯಂತೆ ಕಪ್ಪಾಗುತ್ತದೆ. ಈ ಕಪ್ಪನ್ನು ಕೇಳುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಕೆಲಸವಿದೆ. ಏಳೆಂಟನೆಯ ದಿನ ಬೆಳೆದ ಕಣಜ ಚಿಪ್ಪಿನಲ್ಲೊಂದು ದುಂಡನೆಯ ಕಿಂಡಿ ಕೊರೆದು ಹೊರಬರುತ್ತದೆ. ಸಾಮಾನ್ಯವಾಗಿ ಗಂಡುಗಳು ಮೊದಲು ಬಂದು ಕಾದಿರುತ್ತವೆ. ಜೇನಿನಲ್ಲಿರುವಂತೆ ಇಲ್ಲಿಯೂ ಫಲಿತವಾದ ಮೊಟ್ಟೆಯಿಂದ ಹೆಣ್ಣು, ಫಲಿತವಾಗದ ಮೊಟ್ಟೆಯಿಂದ ಗಂಡು. ಹೊರಬಂದ ಹೆಣ್ಣಿಗೆ ಬಯಲಿನಲ್ಲಿ ಆಯುಷ್ಯ ಕೆಲವೇ ದಿನ. ಅಷ್ಟರಲ್ಲಿ ಅದು ಬೇರೆ ಮೊಟ್ಟೆಗಳನ್ನು ಹುಡುಕಿ ತನ್ನ ಸಂತಾನವನ್ನಿರಿಸಬೇಕು.

ಇಷ್ಟು ಚಿಕ್ಕ ಪ್ರಾಣಿಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ? ಈ ಪ್ರಶ್ನೆಯ ಉತ್ತರದಲ್ಲಿ ನಮ್ಮ ಬೆಂಗಳೂರಿಗೆ ಒಂದು ಪಾಲುಂಟು. ಬಹುಕಾಲ ಭಾರತದ ಕಬ್ಬಿನ ಗದ್ದೆಯ ಕಣಜವನ್ನು ಒಬ್ಬರು ಅಮೆರಿಕದ ಜಾತಿಯ ಹೆಸರಿನಿಂದ, ಇನ್ನೊಬ್ಬರು ಯೂರೋಪಿನ ಜಾತಿಯ ಹೆಸರಿನಿಂದ, ಮತ್ತೊಬ್ಬರು ಆಸ್ಟ್ರೇಲಿಯದ ಹೆಸರಿನಿಂದ ಕರೆಯುತ್ತಿದ್ದರು. ಬಣ್ಣವನ್ನು ನಂಬುವಂತಿರಲಿಲ್ಲ, ಸೆಕೆಗೂ ಚಳಿಗೂ ಅದು ಬದಲಾಗುತ್ತಿತ್ತು. ಬೆಂಗಳೂರಿನಲ್ಲಿದ್ದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು ಸೂಕ್ಷ್ಮದರ್ಶಕದಡಿ ಗಂಡು ಕಣಜದ ಜನನಾಂಗದ ರಚನೆಯನ್ನು ಹೋಲಿಸಿ ನೋಡಿ, ಜಾತಿಗೂ ಜಾತಿಗೂ ಇರುವ ನಂಬಲರ್ಹವಾದ ವ್ಯತ್ಯಾಸ ಅಲ್ಲಿದೆಯೆಂದು 1971ರಲ್ಲಿ ಪ್ರಕಟಿಸಿದರು. ಜಗತ್ತಿನ ಎಲ್ಲೆಡೆ ಈ ಕುಲದ ನಾಮಕರಣ ಆ ದಾರಿಯನ್ನೇ ಹಿಡಿಯಿತು. ನಮ್ಮ ಗದ್ದೆಯ ಕಣಜಕ್ಕೆ ಈಗ ನಿಂತಿರುವ ಹೆಸರು ಟ್ರೈಕೋಗ್ರಾಮ ಕೈಲೋನಿಸ್. ಹೆಸರಿನ ಜಗಳ ಪಂಡಿತರಿಗೆ ಸೇರಿದ್ದು, ರೈತನಿಗೇನು ಎಂದು ಕೇಳಬಹುದು. ಒಂದು ಜಾತಿಗೆ ಕಬ್ಬಿನ ಎಲೆ ಒಗ್ಗುತ್ತದೆ, ಇನ್ನೊಂದಕ್ಕೆ ಹಣ್ಣಿನ ಮರ ಒಗ್ಗುತ್ತದೆ. ಒಂದು ಬಿಸಿಲನ್ನು ಸಹಿಸುತ್ತದೆ, ಇನ್ನೊಂದು ಸಹಿಸುವುದಿಲ್ಲ. ಹೆಸರು ತಪ್ಪಿದರೆ ಗದ್ದೆಗೆ ಬಿಟ್ಟ ಕಣಜವೂ ತಪ್ಪುತ್ತದೆ.

ಗದ್ದೆಯಲ್ಲಿ ಈ ಕಣಜ ಮೊದಲಿನಿಂದಲೂ ಇದೆ. ತೊಡಕೇನೆಂದರೆ ಅದು ಹೆಚ್ಚುವ ಹೊತ್ತಿಗೆ ಹುಳು ಒಳಸೇರಿ ಆಗಿರುತ್ತದೆ. ಆದಕಾರಣ ಹೊರಗೆ ಸಾಕಿ, ಬೇಕಾದ ಹೊತ್ತಿಗೆ ಸಾವಿರಗಟ್ಟಲೆ ತಂದು ಬಿಡಬೇಕು. ಕ್ಯಾಲಿಫೋರ್ನಿಯದಲ್ಲಿ ಸ್ಟ್ಯಾನ್ಲಿ ಫ್ಲ್ಯಾಂಡರ್ಸ್ ಎಂಬುವರು 1920ರ ದಶಕದ ಕೊನೆಯಲ್ಲಿ ಧಾನ್ಯದ ಪತಂಗವೊಂದರ ಮೊಟ್ಟೆಯಲ್ಲಿ ಇದನ್ನು ಅಗ್ಗವಾಗಿ ಸಾಕಬಹುದೆಂದು ತೋರಿಸಿದರು. ಅದಾದ ಕೆಲವೇ ವರ್ಷಗಳಲ್ಲಿ, 1930ರ ದಶಕದಲ್ಲಿ, ಮೈಸೂರು ಸಂಸ್ಥಾನದಲ್ಲಿಯೂ ಕಬ್ಬಿನ ಕೊರಕಗಳಿಗಾಗಿ ಇದನ್ನು ಸಾಕುವ ಪ್ರಯೋಗ ನಡೆಯಿತು.

ಈ ಸಾಕಣೆಯ ಉಪಾಯ ಬಹು ಸ್ವಾರಸ್ಯವಾದದ್ದು. ಕಣಜಕ್ಕೆ ಕಬ್ಬಿನ ಹುಳುವಿನ ಮೊಟ್ಟೆಯೇ ಬೇಕೆಂಬ ಹಟವಿಲ್ಲ. ನಮ್ಮ ಮನೆಗಳ ಅಕ್ಕಿ, ರವೆಗಳಲ್ಲಿ ಬಲೆ ಕಟ್ಟಿ ಗೃಹಿಣಿಯರಿಗೆ ಬೇಸರ ತರಿಸುವ ಅಕ್ಕಿಯ ಪತಂಗವಿದೆಯಲ್ಲ, ಅದರ ಮೊಟ್ಟೆಯೂ ಆದೀತು. ಪ್ರಯೋಗಾಲಯದಲ್ಲಿ ತಟ್ಟೆಗಳ ತುಂಬ ನುಚ್ಚಾಗಿ ಒಡೆದ ಸಜ್ಜೆಯನ್ನೋ ಜೋಳವನ್ನೋ ಹಾಕಿ, ಸ್ವಲ್ಪ ಕಡಲೆಕಾಯಿ ಪುಡಿ ಬೆರೆಸಿ, ಅಕ್ಕಿಪತಂಗದ ಮೊಟ್ಟೆಗಳನ್ನು ಉದುರಿಸಿ, ಬಟ್ಟೆ ಮುಚ್ಚಿ ಇಡುತ್ತಾರೆ. ಸುಮಾರು ನಲವತ್ತು ದಿನಕ್ಕೆ ಪತಂಗಗಳು ಎದ್ದು ಬರತೊಡಗುತ್ತವೆ. ಅವನ್ನು ಹಿಡಿದು ತಂತಿಬಲೆಯ ಡಬ್ಬಿಗಳಲ್ಲಿಟ್ಟರೆ ರಾತ್ರಿ ಇಟ್ಟ ಮೊಟ್ಟೆಗಳು ಬೆಳಿಗ್ಗೆ ಕೆಳಗೆ ಉದುರಿರುತ್ತವೆ. ಜರಡಿ ಹಿಡಿದು ರೆಕ್ಕೆಯ ಹೊಟ್ಟನ್ನು ಬೇರ್ಪಡಿಸಿ, ಮೊಟ್ಟೆಗಳನ್ನು ಅಳತೆಯ ನಳಿಕೆಯಲ್ಲಿ ಅಳೆಯುತ್ತಾರೆ. ಒಂದು ಸಿ.ಸಿ. ಅಳತೆಗೆ ಹದಿನೆಂಟು ಇಪ್ಪತ್ತು ಸಾವಿರ ಮೊಟ್ಟೆ! ಆ ರೆಕ್ಕೆಯ ಹೊಟ್ಟು ಗಾಳಿಯಲ್ಲಿ ತೇಲಿ ಕೆಲಸಗಾರರ ಉಸಿರಿಗೆ ತೊಂದರೆ ಕೊಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಈ ಕೆಲಸ ಮಾಡಬಾರದು.

ಅಳೆದ ಮೊಟ್ಟೆಗಳನ್ನು ನೇರಳಾತೀತ ದೀಪದಡಿ ಮುಕ್ಕಾಲು ಗಂಟೆ ಇಡುತ್ತಾರೆ. ಇದರಿಂದ ಒಳಗಿನ ಭ್ರೂಣ ಸಾಯುತ್ತದೆ, ಮೊಟ್ಟೆಯ ಸಾರ ಮಾತ್ರ ಕೆಡುವುದಿಲ್ಲ. ಹೀಗೆ ಮಾಡದಿದ್ದರೆ ಕಣಜದ ಕಣ್ಣು ತಪ್ಪಿಸಿಕೊಂಡ ಮೊಟ್ಟೆಗಳು ಒಡೆದು, ಆ ಹುಳುಗಳು ಅಕ್ಕಪಕ್ಕದ ಕಣಜ ತುಂಬಿದ ಮೊಟ್ಟೆಗಳನ್ನೇ ತಿಂದುಹಾಕುತ್ತವೆ. ಬಳಿಕ ಅಂಗೈಯಗಲದ ದಪ್ಪ ಕಾಗದಕ್ಕೆ ಗೋಂದು ಸವರಿ, ಮೊಟ್ಟೆಗಳನ್ನು ಒಂದೇ ಪದರವಾಗಿ ಉದುರಿಸಿ ಅಂಟಿಸುತ್ತಾರೆ. ಮರಳುಕಾಗದದಂತೆ ಕಾಣುವ ಆ ಹಾಳೆಯನ್ನು, ಕಣಜಗಳು ಹೊರಡುತ್ತಿರುವ ಹಳೆಯ ಹಾಳೆಯೊಂದಿಗೆ ಚೀಲದಲ್ಲಿ ಒಂದು ದಿನ ಇಟ್ಟರಾಯಿತು. ಆರು ಹೊಸ ಹಾಳೆಗಳಿಗೆ ಒಂದು ಹಳೆಯ ಹಾಳೆ ಸಾಕು. ನಾಲ್ಕನೆಯ ದಿನಕ್ಕೆ ಹಾಳೆ ಕಪ್ಪಾಗುತ್ತದೆ. ಇದೇ ರೈತರು ಟ್ರೈಕೋ ಕಾರ್ಡು ಎಂದು ಕರೆಯುವ ವಸ್ತು. ಬೇಡಿಕೆ ಕೂಡಲೇ ಇಲ್ಲದಿದ್ದರೆ ಹತ್ತು ಡಿಗ್ರಿಯ ತಣುವಿನಲ್ಲಿ ಎರಡು ಮೂರು ವಾರ ಇಡಬಹುದು. ಅದಕ್ಕೂ ಮೀರಿದರೆ ಒಳಗಿನವು ಒಂದೊಂದಾಗಿ ಸಾಯುತ್ತವೆ, ಹೊರಗಿನ ಕಪ್ಪು ಮಾತ್ರ ಹಾಗೆಯೇ ಇರುತ್ತದೆ. ಕೊಳ್ಳುವವನನ್ನು ಮೋಸಗೊಳಿಸುವುದು ಈ ಕಪ್ಪೇ.

ಇನ್ನು ಗದ್ದೆಗೆ ಹೋಗೋಣ. ಮಂಡ್ಯದ ಸೀಮೆಯ ಒಂದು ಎಕರೆ ಕಬ್ಬನ್ನು ಎಣಿಸಿಕೊಳ್ಳಿ. ಒಂದು ಎಕರೆಗೆ ಒಂದು ಸಲಕ್ಕೆ ಒಂದು ಸಿ.ಸಿ.ಯ ಒಂದು ಕಾರ್ಡು. ಕಾರ್ಡನ್ನು ನಲವತ್ತು ತುಣುಕುಗಳಾಗಿ ಕತ್ತರಿಸಬೇಕು. ನಲವತ್ತೇ ಏಕೆ? ಎಕರೆಗೆ ನಲವತ್ತು ಗುಂಟೆ. ಗುಂಟೆ ಎಂದರೆ ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲ. ಈ ಕಣಜ ಹಾರುವುದಕ್ಕಿಂತ ನಡೆಯುವುದು, ಎಲೆಯಿಂದ ಎಲೆಗೆ ನೆಗೆಯುವುದು ಹೆಚ್ಚು; ಇಳಿದ ಜಾಗದಿಂದ ಐದಾರು ಮೀಟರಿನಾಚೆ ಅದರ ಹುಡುಕಾಟ ಬಡವಾಗುತ್ತದೆ. ಗುಂಟೆಯ ನಡುವೆ ಒಂದು ತುಣುಕನ್ನು ಕಟ್ಟಿದರೆ ನಾಲ್ಕೂ ದಿಕ್ಕಿಗೆ ಐದು ಮೀಟರು ಉಳಿಯುತ್ತದೆ. ನಮ್ಮ ಹಳೆಯ ಅಳತೆಯೂ ಕಣಜದ ಕಾಲ್ನಡಿಗೆಯೂ ಹೀಗೆ ಸರಿಹೊಂದಿರುವುದು ಆಕಸ್ಮಿಕವೇ, ಆದರೂ ನೆನಪಿಡಲು ಬಹಳ ಅನುಕೂಲ. ಒಂದು ತುಣುಕಿನಲ್ಲಿ ಸುಮಾರು ಐನೂರು ಕಪ್ಪು ಮೊಟ್ಟೆಗಳು. ಹತ್ತರಲ್ಲಿ ಒಂಬತ್ತು ಒಡೆದರೆ ನಾನೂರೈವತ್ತು ಕಣಜ. ಅವುಗಳಲ್ಲಿ ಅರ್ಧಕ್ಕೆ ಸ್ವಲ್ಪ ಮೇಲೆ ಹೆಣ್ಣೆಂದು ಹಿಡಿದರೆ ಇನ್ನೂರೈವತ್ತು. ಗುಂಟೆಯೊಂದಕ್ಕೆ ಇನ್ನೂರೈವತ್ತು ಜನ ಹುಡುಕುವವರು! ಆಳು ಹಾಕಿ ಹುಡುಕಿಸುವವರು ಈ ಲೆಕ್ಕವನ್ನು ಕನಸಿನಲ್ಲಿಯೂ ಕಾಣಲಾರರು.

ನಾಟಿಯಾಗಿ ಮೂವತ್ತು ದಿನಕ್ಕೆ ಮೊದಲನೆಯ ಸಲ, ಆಮೇಲೆ ಹತ್ತು ಹತ್ತು ದಿನಕ್ಕೊಮ್ಮೆ ನಾಲ್ಕಾರು ಸಲ ಬಿಡುವುದು ಕುಡಿಕೊರಕಕ್ಕೆ ರೂಢಿ. ಒಮ್ಮೆ ಬಿಟ್ಟು ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ಕಣಜ ಬದುಕುವುದು ಕೆಲವು ದಿನ, ಪತಂಗ ಮೊಟ್ಟೆಯಿಡುವುದು ತಿಂಗಳುಗಟ್ಟಲೆ. ಈ ದಿನ ಬಿಟ್ಟ ಕಣಜಗಳ ಮಕ್ಕಳು ಹುಳುವಿನ ಮೊಟ್ಟೆಗಳಿಂದ ಎದ್ದುಬರುವುದು ಎಂಟು ಹತ್ತು ದಿನಕ್ಕೆ. ಅಷ್ಟರಲ್ಲಿ ಎರಡನೆಯ ಕಾರ್ಡೂ ಬಂದರೆ ಕಾವಲು ಬಲವಾಗುತ್ತದೆ. ತುಣುಕನ್ನು ಎಲೆಯ ಅಡಿಭಾಗಕ್ಕೆ ಗುಂಡುಸೂಜಿಯಿಂದಲೋ ಪಿನ್ನಿನಿಂದಲೋ ಸಿಕ್ಕಿಸಬೇಕು, ಬಿಸಿಲೂ ಮಳೆಯೂ ನೇರವಾಗಿ ತಾಕದಂತೆ. ಮುಂಜಾವು ಅಥವಾ ಇಳಿಹೊತ್ತು ತಕ್ಕ ಸಮಯ. ಕಾರ್ಡಿನ ಮೇಲೆ ಕಣಜ ಹೊರಡುವ ದಿನಾಂಕ ಬರೆದಿರುತ್ತದೆ. ಅದರ ಹಿಂದಿನ ಸಂಜೆ ಕಟ್ಟಬೇಕು. ನಾಲ್ಕು ದಿನ ಮೊದಲೇ ಕಟ್ಟಿದವನ ಕಾರ್ಡು ಇರುವೆಗಳ ಪಾಲಾಗುತ್ತದೆ. ಖಾಲಿಯಾದ ಕಾಗದವನ್ನು ನೋಡಿ ಕಣಜವೆಲ್ಲ ಹೊರಟುಹೋಯಿತೆಂದು ಅವನು ಸಂತೋಷಪಡುತ್ತಾನೆ. ಆದರೆ ಕಣಜ ಹೊರಟಿದ್ದರೆ ಕಿಂಡಿ ಬಿದ್ದ ಚಿಪ್ಪು ಕಾಗದಕ್ಕೆ ಅಂಟಿಕೊಂಡೇ ಇರಬೇಕು. ಚಿಪ್ಪೂ ಇಲ್ಲದೆ ಕಾಗದ ಬೋಳಾಗಿದ್ದರೆ ಅದು ಇರುವೆಯ ಊಟ.

ಇರುವೆಗಿಂತ ದೊಡ್ಡ ತೊಡಕು ಬೇಸಗೆ. ಕುಡಿಕೊರಕದ ಹಾವಳಿ ಹೆಚ್ಚುವುದು ಒಣಹವೆಯ ಬಿಸಿಲುಗಾಲದಲ್ಲಿ. ಸಾಮಾನ್ಯ ಕಣಜ ಸೊರಗುವುದೂ ಆಗಲೇ. ಮೂವತ್ತೈದು ಡಿಗ್ರಿ ದಾಟಿದ ಮೇಲೆ ಅದರ ಆಯುಷ್ಯವೂ ಮೊಟ್ಟೆಯಿಡುವ ಶಕ್ತಿಯೂ ಕುಗ್ಗುತ್ತವೆ. ಎಳೆಯ ಕಬ್ಬಿನಲ್ಲಿ ನೆರಳೂ ಇರುವುದಿಲ್ಲ. ಬೆಂಗಳೂರಿನ ಜೈವಿಕ ನಿಯಂತ್ರಣ ಸಂಶೋಧನಾಲಯ, ಅಂದರೆ ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಹೆಚ್ಚು ಶಾಖವನ್ನು ಸಹಿಸುವ ತಳಿಯನ್ನು ತಲೆಮಾರು ತಲೆಮಾರಾಗಿ ಆರಿಸಿ ಬೆಳೆಸಿದ್ದು ಈ ಕಾರಣದಿಂದ. ಅದೇ ಸಂಸ್ಥೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ತಡೆದುಕೊಳ್ಳುವ ತಳಿಯನ್ನೂ ರೂಪಿಸಿ ಎಂಡೋಗ್ರಾಮ್ ಎಂದು ಹೆಸರಿಟ್ಟಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನೇ ತಡೆಹಿಡಿಯಿತು. ಯಾವ ವಿಷಕ್ಕಾಗಿ ಕವಚ ತೊಡಿಸಿದರೋ ಆ ವಿಷವೇ ಇಲ್ಲವಾಯಿತು. ಬೇರೆ ವಿಷಗಳಿಗೆ ಈ ಪ್ರಾಣಿ ಬಹು ಮೆದು. ಕಾರ್ಡು ಕಟ್ಟುವುದಕ್ಕೆ ಒಂದು ವಾರ ಹಿಂದೆ, ಒಂದು ವಾರ ಮುಂದೆ ಸಿಂಪಡಣೆ ಕೂಡದು. ಕಾರ್ಡನ್ನೂ ಕಟ್ಟಿ, ಧೈರ್ಯ ಸಾಲದೆ ಔಷಧವನ್ನೂ ಹೊಡೆಯುವವರು ದುಡ್ಡು ಕೊಟ್ಟು ತಂದ ಕಾವಲುಗಾರನನ್ನು ತಾವೇ ಕೊಂದಂತೆ.

ನಾಲ್ಕು ತಿಂಗಳು ತುಂಬಿ ಕಬ್ಬು ಗಣ್ಣು ಬಿಟ್ಟ ಮೇಲೆ ಇನ್ನೊಂದು ಕೊರಕ ಬರುತ್ತದೆ. ಅದು ಕುಡಿಯನ್ನಲ್ಲ, ಗಣ್ಣುಗಳ ನಡುವಿನ ಕಾಂಡವನ್ನು ಕೊರೆಯುತ್ತದೆ. ಕಣಜದ ಮೇಲೆ ನನಗೆ ಹೆಚ್ಚು ಭರವಸೆ ಇರುವುದು ಈ ಹಂತದಲ್ಲಿ. ಅಷ್ಟು ಹೊತ್ತಿಗೆ ಎಲೆಗಳು ಕೂಡಿಕೊಂಡು ಗದ್ದೆಯೊಳಗೆ ನೆರಳೂ ತೇವವೂ ನಿಂತಿರುತ್ತವೆ. ಎಲೆಗೆ ಎಲೆ ತಾಗಿರುವುದರಿಂದ ಕಣಜಕ್ಕೆ ಸೇತುವೆ ಕಟ್ಟಿಕೊಟ್ಟಂತೆ. ಒಳಗೆ ಕಾಲಿಟ್ಟು ಸಿಂಪಡಿಸುವುದು ಮನುಷ್ಯನಿಗೆ ಸಾಧ್ಯವೇ ಆಗದ ಕಾಲವದು. ನಾಲ್ಕನೆಯ ತಿಂಗಳಿಂದ ಹದಿನೈದು ದಿನಕ್ಕೊಮ್ಮೆ, ಎಕರೆಗೆ ಅದೇ ಒಂದು ಸಿ.ಸಿ.ಯಂತೆ ಆರು ಸಲ ಬಿಟ್ಟರೆ ಸಾಕು. ಎಳೆಯ ಹಂತದಲ್ಲಾದರೋ ಕಣಜವೊಂದನ್ನೇ ನಂಬದೆ, ಸಾಲಿನಲ್ಲಿ ರವದಿ ಹೊದಿಸುವುದು, ನೀರಿನ ಹದ ತಪ್ಪದಂತೆ ನೋಡುವುದು, ಬುಡಕ್ಕೆ ಮಣ್ಣೇರಿಸುವುದು, ಇವನ್ನೂ ಜೊತೆಗೆ ನಡೆಸಬೇಕು.

ಕಣಜ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಒಣಗಿದ ಸುಳಿಗಳನ್ನು ಎಣಿಸುವುದು ತಡವಾದ ಲೆಕ್ಕ. ಇಂದು ಒಣಗಿದ ಸುಳಿ ಕಣಜ ಬರುವ ಮುಂಚೆ ಒಳಹೊಕ್ಕ ಹುಳುವಿನದಾಗಿರಬಹುದು. ಕಾರ್ಡು ಕಟ್ಟಿದ ನಾಲ್ಕೈದು ದಿನಕ್ಕೆ ಗದ್ದೆಯ ಬೇರೆ ಬೇರೆ ಕಡೆಗಳಿಂದ ಮೊಟ್ಟೆಯ ಗುಂಪುಗಳಿರುವ ಎಲೆಯ ತುಂಡುಗಳನ್ನು ಕತ್ತರಿಸಿ ತಂದು, ಗಾಜಿನ ನಳಿಕೆಗಳಲ್ಲಿ ಹಾಕಿ, ಬಾಯಿಗೆ ಹತ್ತಿ ಬಿಗಿದು ನೆರಳಿನಲ್ಲಿಡಬೇಕು. ಮೊಟ್ಟೆ ಇಡಿಯಾಗಿ ಒಂದೇ ಸಮನೆ ಕಪ್ಪಾದರೆ ಒಳಗಿರುವುದು ಕಣಜ. ಬಿಳಿಯ ಚಿಪ್ಪಿನೊಳಗೆ ಒಂದು ಕಡೆ ಮಾತ್ರ ಕಪ್ಪು ಚುಕ್ಕೆ ಕಂಡರೆ ಅದು ಹುಳುವಿನ ತಲೆ. ನಾಳೆಯೋ ನಾಡಿದ್ದೋ ಅದು ಹೊರಬರುತ್ತದೆ. ಇವೆರಡರ ಭೇದ ತಿಳಿಯದೆ ಎಲ್ಲ ಕಪ್ಪನ್ನೂ ಕಣಜದ ಖಾತೆಗೆ ಬರೆದವರು ಇದ್ದಾರೆ. ಉದಾಹರಣೆಗೆ, ಕಾರ್ಡು ಕಟ್ಟುವ ಮುನ್ನ ತಂದ ನೂರು ಮೊಟ್ಟೆಗಳಲ್ಲಿ ಹತ್ತು ಇಡಿಯಾಗಿ ಕಪ್ಪಾಗಿದ್ದು, ಎರಡು ಸಲ ಬಿಟ್ಟ ಮೇಲೆ ಐವತ್ತು ಅರವತ್ತಾದರೆ ಕೆಲಸ ನಡೆದಿದೆ. ಹತ್ತು ಹನ್ನೆರಡೇ ಉಳಿದರೆ ಕಾರಣ ಹುಡುಕಬೇಕು. ಅದಕ್ಕಾಗಿಯೇ ಪ್ರತಿ ಕಾರ್ಡಿನಿಂದ ಒಂದು ಚೂರನ್ನು ಮನೆಯಲ್ಲಿ ಬೇರೊಂದು ನಳಿಕೆಯಲ್ಲಿಟ್ಟಿರಬೇಕು. ಆ ಚೂರಿನಿಂದಲೂ ಕಣಜ ಹೊರಡದಿದ್ದರೆ ದೋಷ ಕಾರ್ಡಿನದು. ಅಲ್ಲಿ ಚೆನ್ನಾಗಿ ಹೊರಟು ಗದ್ದೆಯಲ್ಲಿ ಫಲ ಕಾಣದಿದ್ದರೆ ಬಿಸಿಲೋ ವಿಷವೋ ಇರುವೆಯೋ ಕಾರಣ. ಇನ್ನೂ ಒಂದು ಗುಪ್ತ ಕಾರಣವಿರಬಹುದು. ವರ್ಷಗಟ್ಟಲೆ ಅಕ್ಕಿಪತಂಗದ ಮೊಟ್ಟೆಯಲ್ಲೇ, ಹುಡುಕುವ ಕಷ್ಟವಿಲ್ಲದೆ ಬೆಳೆದ ಕಣಜ ಗದ್ದೆಯ ಅಲೆದಾಟವನ್ನು ಮರೆಯುತ್ತದೆ. ಒಳ್ಳೆಯ ಪ್ರಯೋಗಾಲಯದವರು ಆಗಾಗ ಗದ್ದೆಯಿಂದ ಹೊಸ ಕಣಜವನ್ನು ತಂದು ಬೆರೆಸುತ್ತಾರೆ, ಇಲ್ಲವೆ ಕೊರಕದ ಮೊಟ್ಟೆಯ ಮೇಲೆಯೇ ಒಂದೆರಡು ತಲೆಮಾರು ಬೆಳೆಸುತ್ತಾರೆ.

ಎಲ್ಲ ಕೊರಕಗಳಿಗೂ ಈ ಕಣಜ ಮದ್ದಲ್ಲ. ಕಬ್ಬಿನ ತುದಿಯನ್ನು ಕೊರೆಯುವ ಬಿಳಿಯ ಪತಂಗ ತನ್ನ ಮೊಟ್ಟೆಗಳ ಮೇಲೆ ಕಂದುಬಣ್ಣದ ಕೂದಲಿನ ಕಂಬಳಿ ಹೊದಿಸುತ್ತದೆ. ಕೈಲೋನಿಸ್ ಅದನ್ನು ಸುಲಭವಾಗಿ ಭೇದಿಸಲಾರದು. ಗುಲಾಬಿ ಕೊರಕ ತನ್ನ ಮೊಟ್ಟೆಗಳನ್ನು ಎಲೆಯ ಹಾಳೆಯ ಒಳಬದಿಯಲ್ಲಿ ಬಚ್ಚಿಡುತ್ತದೆ. ಮುಸುಕಿನ ಜೋಳದ ವಿಷಯವೂ ಹೀಗೆಯೇ. ಅದರ ಚುಕ್ಕೆಕೊರಕ ಕಬ್ಬಿನ ಕುಡಿಕೊರಕದ ಒಡಹುಟ್ಟಿನಂತೆ, ಎಲೆಯ ಮೇಲೆ ಬಯಲಾಗಿ ಮೊಟ್ಟೆಯಿಡುತ್ತದೆ. ಬಿತ್ತಿದ ಹನ್ನೆರಡು ಹದಿನೈದು ದಿನಕ್ಕೆ ಕಾರ್ಡು ಕಟ್ಟಿದರೆ ಕಣಜ ಅದನ್ನು ಹಿಡಿಯುತ್ತದೆ. ಆದರೆ ಜೋಳ ಮೂರು ನಾಲ್ಕು ತಿಂಗಳ ಬೆಳೆ, ಕಬ್ಬಿನಂತೆ ವರ್ಷದ ಬೆಳೆಯಲ್ಲ. ಒಂದು ವಾರ ತಪ್ಪಿದರೆ ಕಬ್ಬು ಕ್ಷಮಿಸೀತು, ಜೋಳ ಕ್ಷಮಿಸದು. ಅದಲ್ಲದೆ 2018ರಲ್ಲಿ ಶಿವಮೊಗ್ಗದ ಜೋಳದ ಹೊಲಗಳಲ್ಲಿ ಭಾರತದಲ್ಲೇ ಮೊದಲಿಗೆ ಕಾಣಿಸಿಕೊಂಡ ಫಾಲ್ ಸೈನಿಕಹುಳು ತನ್ನ ಮೊಟ್ಟೆಗಳನ್ನು ಒಂದರ ಮೇಲೊಂದು ಪದರವಾಗಿ ಪೇರಿಸಿ ಮೇಲೆ ರೋಮ ಮುಚ್ಚುತ್ತದೆ. ಕಣಜ ಮೇಲಿನ ಪದರವನ್ನು ಮುಟ್ಟಿದರೂ ಅಡಿಯ ಪದರಗಳು ಉಳಿಯುತ್ತವೆ. ಅಂಥ ಮೊಟ್ಟೆಗಳ ನಡುವೆ ನುಸುಳಿ ಕೆಳಗಿನವನ್ನೂ ತಲುಪಬಲ್ಲ ಟೆಲಿನೋಮಸ್ ಎಂಬ ಬೇರೊಂದು ಮೊಟ್ಟೆಕಣಜವಿದೆ. ಆ ಹೊಲಗಳಿಗೆ ಈಗ ಅದನ್ನು ಸಾಕಿ ಬಿಡುತ್ತಿದ್ದಾರೆ.